ತಡವಾಗಿ ತಲುಪಿದ ಉಪ್ಪಿನಕಾಯಿ: ಕಾದವರಿಗೆಲ್ಲ ಥ್ಯಾಂಕ್ಸ್, ಜೊತೆಗೊಂದಿಷ್ಟು ಲೆಕ್ಕ

ಎಲ್ಲರಿಗೂ ನಮಸ್ಕಾರ. ದೀಪಾವಳಿ ಸೇಲಲ್ಲಿ ನಮ್ಮತ್ರ ಅಪ್ಪೆಮಿಡಿ, ಹಪ್ಪಳ ಆರ್ಡರ್ ಮಾಡಿ ಹಬ್ಬ ಮುಗಿದ್ರೂ ಪಾರ್ಸೆಲ್ ಬರದೆ ಕಾದವರಿಗೆ ಮೊದಲು ಕ್ಷಮೆ ಕೇಳ್ತೀವಿ. ಅದಾದ್ಮೇಲೆ ಥ್ಯಾಂಕ್ಸ್, ಯಾಕಂದ್ರೆ ಬೈದವರಿಗಿಂತ "ನಿಧಾನಕ್ಕೆ ಕಳ್ಸಿ ಪರವಾಗಿಲ್ಲ, ಬಾಟಲಿ ಒಡೀದೆ ಬಂದ್ರೆ ಸಾಕು" ಅಂದವರೇ ಜಾಸ್ತಿ. ಬೈದವರದ್ದೂ ತಪ್ಪೇನಿಲ್ಲ ಬಿಡಿ, ದುಡ್ಡು ಮೊದಲೇ ಕೊಟ್ಟಿದ್ರಿ.

ಈಗಿನ ಪರಿಸ್ಥಿತಿ ಏನಂದ್ರೆ, ಶಿರಸಿಯಿಂದ ಹೊರಡಬೇಕಿದ್ದ ಪಾರ್ಸೆಲ್ ಎಲ್ಲಾ ಹೊರಟಾಗಿದೆ. ಇನ್ನೂ ದಾರೀಲಿರೋದು ಮುಖ್ಯವಾಗಿ ಹೊರರಾಜ್ಯದ್ದು, ಮತ್ತೆ ವಾಪಸ್ ಬಂದು ಎರಡನೇ ಸಲ ಕಳ್ಸಿದ ಕೆಲವು. ಕ್ಯಾನ್ಸಲ್ ಮಾಡಿದವರ ರಿಫಂಡ್ ನಮ್ಮ ಕಡೆಯಿಂದ ಹೋಗಿದೆ, ಬ್ಯಾಂಕಲ್ಲಿ ಕಾಣೋಕೆ ಸಾಮಾನ್ಯವಾಗಿ 5ರಿಂದ 7 ಕೆಲಸದ ದಿನ ಹಿಡಿಯುತ್ತೆ, ಅದಕ್ಕೂ ಮೇಲಾದ್ರೆ ನಮಗೊಂದು ಮೆಸೇಜ್ ಹಾಕಿ, ರೆಫರೆನ್ಸ್ ನಂಬರ್ ಕಳಿಸ್ತೀವಿ, ಅದನ್ನ ಬ್ಯಾಂಕಲ್ಲಿ ತೋರಿಸಿದ್ರೆ ದುಡ್ಡು ಎಲ್ಲಿದೆ ಅಂತ ಅವರೇ ಹುಡುಕಿ ಹೇಳ್ತಾರೆ.

ಎಲ್ಲರೂ ಕೇಳಿದ ಒಂದೇ ಪ್ರಶ್ನೆ: "ಶಿಪ್ಡ್ ಅಂತ ಮೆಸೇಜ್ ಬಂದು ವಾರ ಆಯ್ತು, ಪಾರ್ಸೆಲ್ ಎಲ್ಲಿ?" ಇದಕ್ಕೆ ಸರಿಯಾಗೇ ಉತ್ತರ ಕೊಡ್ಬೇಕು ಅನ್ಸ್ತು.

ಪಾರ್ಸೆಲ್‌ಗೆ ಲೇಬಲ್ ಪ್ರಿಂಟ್ ಆದ ತಕ್ಷಣ ನಮ್ಮ ವೆಬ್‌ಸೈಟು ತಾನಾಗೇ "ಶಿಪ್ಡ್" ಅಂತ ಮೆಸೇಜ್ ಕಳಿಸಿಬಿಡುತ್ತೆ. ಆದ್ರೆ ಆಗ ಪಾರ್ಸೆಲ್ ಇರೋದು ನಮ್ಮ ಜಗಲಿ ಮೇಲೇ! ಕೊರಿಯರ್ ಹುಡುಗ ಬಂದು, ಗಾಡಿಗೆ ಹಾಕ್ಕೊಂಡು, ಆಮೇಲೆ ಹಬ್‌ನಲ್ಲಿ ಮೊದಲ ಸ್ಕ್ಯಾನ್ ಆದ್ಮೇಲೇ ಅದು ನಿಜವಾಗಿ ಹೊರಟಿದೆ ಅಂತ ಅರ್ಥ. ಹಾಗಾಗಿ ಟ್ರ್ಯಾಕಿಂಗ್ ನೋಡುವಾಗ ಮೇಲಿರೋ ದೊಡ್ಡ ಅಕ್ಷರ ಬಿಟ್ಟುಬಿಡಿ, ಕೆಳಗಿನ ಸಾಲುಗಳಲ್ಲಿ ಯಾವುದಾದ್ರೂ ಊರಿನ ಹೆಸರಿನ ಜೊತೆ ಸ್ಕ್ಯಾನ್ ಆಗಿದ್ಯಾ ನೋಡಿ. ಊರಿನ ಹೆಸರು ಇಲ್ಲ ಅಂದ್ರೆ ಪಾರ್ಸೆಲ್ ಇನ್ನೂ ಮಾರಿದವರ ಮನೇಲೇ ಇದೆ ಅಂತಲೇ ತಿಳ್ಕೊಳ್ಳಿ, ಯಾವ ಅಂಗಡೀದೇ ಆಗ್ಲಿ.

ಹಾಗಾದ್ರೆ ಜಗಲಿ ಮೇಲೆ ಯಾಕೆ ಕೂತಿತ್ತು? ಇದಕ್ಕೆ ಕಾರಣ ಒಂದು ರಟ್ಟಿನ ಡಬ್ಬ ಅಂದ್ರೆ ನಂಬ್ತೀರಾ.

ನಾವು ಮಾಮೂಲಿಯಾಗಿ ಅರ್ಧ ಕೆಜಿಯ ಒಂದು ಬಾಟಲಿನ 20×15×15 ಸೆಂಟಿಮೀಟರ್ ಡಬ್ಬದಲ್ಲಿ ಕಳಿಸ್ತೀವಿ. ಸೇಲಿಗೆ ಎರಡು ಬಾಟಲಿ ಕಾಂಬೋ ಮಾಡಿದ್ವಿ, ಗಾಜು ಗಾಜಿಗೆ ತಾಗಿ ಒಡೀಬಾರ್ದು ಅಂತ 30×20×20 ಡಬ್ಬ ತಂದ್ವಿ. ಕೊರಿಯರ್‌ನವರು ತಕ್ಕಡಿ ತೂಕ ಒಂದನ್ನೇ ನೋಡಲ್ಲ, ಡಬ್ಬ ಗಾಡೀಲಿ ಎಷ್ಟು ಜಾಗ ತಿನ್ನುತ್ತೆ ಅಂತಾನೂ ನೋಡ್ತಾರೆ. ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸಿದ್ರೆ ಬರೋದು ವಾಲ್ಯೂಮೆಟ್ರಿಕ್ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್ಲು. ಹಳೇ ಡಬ್ಬ 4500 ಭಾಗಿಸು 5000, ಅಂದ್ರೆ 0.9 ಕೆಜಿ, ತೊಂದರೆ ಇರ್ಲಿಲ್ಲ. ಹೊಸದು 12000 ಭಾಗಿಸು 5000, ಅಂದ್ರೆ 2.4 ಕೆಜಿ. ಒಳಗಿರೋ ಮಾಲು, ಗಾಜು, ರಟ್ಟು ಎಲ್ಲಾ ಸೇರಿ ತಕ್ಕಡೀಲಿ 1.7 ಕೆಜಿ ಆಸುಪಾಸು, ನಾವು ಸಿಸ್ಟಮ್‌ನಲ್ಲಿ ಹಾಕಿದ್ದು 2 ಕೆಜಿ ಸ್ಲ್ಯಾಬ್. ಹಬ್‌ನಲ್ಲಿ ಮೆಷಿನ್ ಅಳತೆ ಮಾಡಿ 2.5ಕ್ಕೆ ಏರಿಸ್ತು.

ಒಂದು ಪಾರ್ಸೆಲ್‌ಗೆ ಅರ್ಧ ಕೆಜಿ ವ್ಯತ್ಯಾಸ ಅಂದ್ರೆ ದೊಡ್ಡದೇನಲ್ಲ. ಆದ್ರೆ ನಮ್ಮಂಥ ಸಣ್ಣವರು ಕೊರಿಯರ್ ಕಂಪನಿ ಜೊತೆ ನೇರ ವ್ಯವಹಾರ ಮಾಡಲ್ಲ, ನಡುವೆ ಒಂದು ಶಿಪ್ಪಿಂಗ್ ಪ್ಲಾಟ್‌ಫಾರ್ಮ್ ಇರುತ್ತೆ, ಅದರಲ್ಲಿ ವಾಲೆಟ್, ಅದಕ್ಕೆ ಮೊದಲೇ ದುಡ್ಡು ತುಂಬ್ಬೇಕು. ಸೇಲಿನ ಮೊದಲೆರಡು ದಿನದ ಪಾರ್ಸೆಲ್‌ಗಳ ವ್ಯತ್ಯಾಸ ಎಲ್ಲಾ ಒಟ್ಟಿಗೇ ಕಟ್ ಆಗಿ ವಾಲೆಟ್ ಮೈನಸ್‌ಗೆ ಹೋಯ್ತು, ಮೈನಸ್ ಆದ್ರೆ ಹೊಸ ಪಿಕಪ್ ಬುಕ್ ಆಗಲ್ಲ, ಬ್ಯಾಂಕಿಗೆ ಸಾಲು ರಜೆ, ಗ್ರಾಹಕರು ಕಟ್ಟಿದ ದುಡ್ಡು ಪೇಮೆಂಟ್ ಗೇಟ್‌ವೇಲಿ ಕೂತಿದೆ, ನಮ್ಮ ಅಕೌಂಟಿಗೆ ಬರೋದು ರಜೆ ಮುಗಿದ್ಮೇಲೆ. ಕೈಲಿ ಆರ್ಡರ್ ಇದೆ, ಮಾಲಿದೆ, ಲೇಬಲ್ ಅಂಟಿಸಿದ ಡಬ್ಬ ಸೂರಿನ ತನಕ ಇದೆ, ಕಳ್ಸೋಕೆ ಮಾತ್ರ ಆಗ್ತಿಲ್ಲ. ಆ ಹೊತ್ತಿಗೆ ಸೊಸೈಟಿಯಿಂದ ಅಡಿಕೆ ದುಡ್ಡು ತಂದು ವಾಲೆಟ್‌ಗೆ ಹಾಕ್ಸಿದ ಪಕ್ಕದ ಮನೆ ಅಣ್ಣಂಗೆ ಇಲ್ಲೇ ಒಂದು ದೊಡ್ಡ ನಮಸ್ಕಾರ, ಹೆಸರು ಹಾಕ್ಬೇಡಿ ಅಂದಿದ್ದಾರೆ.

ಅಡಿಕೆ ಅಂದಾಗ ಇನ್ನೊಂದು ಮಾತು. ನಮ್ಮಲ್ಲಿ ಪ್ಯಾಕಿಂಗ್ ಮಾಡೋದು ಊರಿನ ಅಕ್ಕಂದಿರೇ. ದೀಪಾವಳಿ ಹೊತ್ತಿಗೆ ಕೆಲವು ತೋಟದಲ್ಲಿ ಅಡಿಕೆ ಗೊನೆ ಕೊಯ್ಲು ಶುರುವಾಗಿತ್ತು, ಹಗಲೆಲ್ಲ ಅವರ ಕೈ ಖಾಲಿ ಇರಲ್ಲ, ಸಂಜೆ ಮೆಟ್ಟುಗತ್ತಿ ಮುಂದೆ ಅಡಿಕೆ ಸುಲಿಯೋಕೆ ಕೂರ್ಬೇಕು. ಅದು ಮುಗಿಸಿ ಅಡಿಕೆ ಕರೆ ಹತ್ತಿದ ಕೈ ತೊಳ್ಕೊಂಡು ರಾತ್ರಿ ನಮ್ಮ ಜಗಲಿಗೆ ಬಂದು ಡಬ್ಬ ಕಟ್ಟಿದ್ದಾರೆ. ನಿಮಗೆ ಬಂದ ಬಾಟಲಿ ಒಡೀದೆ ಇದ್ರೆ ಅದು ಅವರಿಂದ. ಪ್ರತಿ ಬಾಟಲಿ ಮುಚ್ಚಳ ಬಿಗಿದು, ಹಳೇ ಪೇಪರ್ ಮೇಲೆ ರಾತ್ರಿಯಿಡೀ ತಲೆಕೆಳಗಾಗಿ ಇಡ್ತಾರೆ, ಬೆಳಿಗ್ಗೆ ಪೇಪರ್ ಮೇಲೆ ಕೆಂಪು ಉಂಗುರ ಬಿದ್ದಿದ್ರೆ ಆ ಮುಚ್ಚಳ ಸೋರ್ತಿದೆ, ಬದಲಾಯಿಸ್ಬೇಕು. ಗಡಿಬಿಡೀಲಿ ಇದೊಂದನ್ನ ಬಿಟ್ಟಿದ್ರೆ ದಿನಕ್ಕೆ ಡಬಲ್ ಪಾರ್ಸೆಲ್ ಕಟ್ಟಬಹುದಿತ್ತು, ಅವರು ಒಪ್ಪಲಿಲ್ಲ. ಒಪ್ಪದೇ ಇದ್ದಿದ್ದೇ ಚಲೋ ಆಯ್ತು, ಯಾಕಂದ್ರೆ ಒಂದು ಬಾಟಲಿ ಸೋರಿದ್ರೂ ರಸ ಲೇಬಲ್‌ಗೆ ಹತ್ತಿ ಪ್ರಿಂಟ್ ಮಸುಕಾಗುತ್ತೆ, ಬಾರ್‌ಕೋಡ್ ಓದಿಲ್ಲ ಅಂದ್ರೆ ಆ ಪಾರ್ಸೆಲ್ ಹಬ್‌ನ ಒಂದು ಮೂಲೆ ಸೇರುತ್ತೆ, ಯಾರಾದ್ರೂ ಕೈಯಲ್ಲಿ ಎತ್ತಿ ನೋಡೋ ತನಕ ಅಲ್ಲೇ.

ಹೊರಟ ಪಾರ್ಸೆಲ್‌ಗಳ ಕಥೆ ಇನ್ನೊಂದು. ಕುಮಟಾದ ಒಬ್ರು ಅಮ್ಮ ಆರ್ಡರ್ ಮಾಡಿದ್ರು. ಶಿರಸಿಯಿಂದ ಕುಮಟಾ ಅಂದ್ರೆ ದೇವಿಮನೆ ಘಟ್ಟ ಇಳಿದ್ರೆ ಆಯ್ತು, 60 ಕಿಲೋಮೀಟರ್ ಹತ್ರ ಹತ್ರ. ಅವರ ಪಾರ್ಸೆಲ್ ಹುಬ್ಬಳ್ಳಿಗೆ ಹೋಯ್ತು, ಅಲ್ಲಿಂದ ಬೆಂಗಳೂರಿಗೆ ಹೋಯ್ತು, ಬೆಂಗಳೂರಲ್ಲಿ ಹಬ್ಬದ ರಶ್ಶಲ್ಲಿ ಕೂತು ಮತ್ತೆ ಹುಬ್ಬಳ್ಳಿಗೆ ಬಂದು ಘಟ್ಟ ಇಳೀತು. ಕೊರಿಯರ್ ಗಾಡಿ ಓಡೋದು ಹಬ್‌ನಿಂದ ಹಬ್‌ಗೆ, ಪಕ್ಕದ ತಾಲ್ಲೂಕಿಗೂ ದೊಡ್ಡ ಹಬ್ ಮುಟ್ಟೇ ಹೋಗ್ಬೇಕು, ಆ ಹಬ್‌ನಲ್ಲಿ ಮಾಲು ತುಂಬಿದ್ರೆ ಹತ್ತಿರದವರಿಗೂ ಅಷ್ಟೇ ತಡ. ಆ ಅಮ್ಮ ಫೋನ್ ಮಾಡಿ "ನಾ ಬೆಂಗ್ಳೂರು ನೋಡ್ದೆ ರಾಶಿ ವರ್ಷ ಆತು, ಮಿಡಿ ಆದ್ರೂ ನೋಡ್ಕಂಡು ಬಂತು" ಅಂದ್ರು. ಅವರ ಹತ್ರ ಬೈಸ್ಕೊಳ್ಳೋಕೆ ತಯಾರಾಗಿ ಫೋನ್ ಎತ್ತಿದ್ದೆ, ಎಷ್ಟು ಹೊತ್ತು ನಗ್ತಾ ಇದ್ನೋ ಗೊತ್ತಿಲ್ಲ.

ಇದಾದ್ಮೇಲೆ ಹುಬ್ಬಳ್ಳಿ, ಬೆಂಗಳೂರಿನವರಲ್ಲಿ ಒಪ್ಪಿದವರ ಪಾರ್ಸೆಲ್‌ನ ಸರ್ಕಾರಿ ಬಸ್ಸಿನ "ನಮ್ಮ ಕಾರ್ಗೋ" ಅನ್ನೋ ಪಾರ್ಸೆಲ್ ಸೇವೇಲಿ ಹಾಕಿದ್ವಿ. ಮನೆ ಬಾಗಿಲಿಗೆ ಬರಲ್ಲ, ಬಸ್ ಸ್ಟ್ಯಾಂಡಿಗೆ ಹೋಗಿ ತರ್ಬೇಕು, ಆದ್ರೂ ನೀವು ಹೋಗಿ ತಂದ್ರಿ. ಒಬ್ರು ತಮ್ಮದರ ಜೊತೆ ಅದೇ ಏರಿಯಾದ ಇನ್ನಿಬ್ರ ಪಾರ್ಸೆಲ್ಲೂ ಹೊತ್ಕೊಂಡು ಹೋಗಿ ಮುಟ್ಟಿಸಿದ್ರು, ಅವರಿಗೆ ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ.

ಇನ್ನು "ಬಂದಿದ್ವಿ, ಮನೇಲಿ ಯಾರೂ ಇರ್ಲಿಲ್ಲ" ಅಂತ ಮೆಸೇಜ್ ಬಂದವರು. ನೀವು ಇಡೀ ದಿನ ಮನೇಲೇ ಇದ್ರಿ ಅಂತ ನಮಗೆ ಗೊತ್ತು. ಒಂದೇ ಪಿನ್‌ಕೋಡಿನ ಹಲವಾರು ಪಾರ್ಸೆಲ್‌ಗೆ ರಾತ್ರಿ ಒಂಬತ್ತರ ಮೇಲೆ ಒಂದೇ ನಿಮಿಷದಲ್ಲಿ ಇದೇ ಕಾರಣ ಬಿದ್ದಿದ್ರೆ ಯಾರೂ ಬಾಗಿಲು ತಟ್ಟಿಲ್ಲ ಅಂತಾನೇ ಅರ್ಥ, ಗಾಡೀಲಿ ಉಳಿದ ಮಾಲನ್ನ ದಿನದ ಕೊನೆಗೆ ಹಾಗೆ ಮಾರ್ಕ್ ಮಾಡಿ ಮುಗಿಸ್ತಾರೆ. ಆ ಹುಡುಗರ ಮೇಲೆ ನಂಗೆ ಸಿಟ್ಟಿಲ್ಲ, ಹಬ್ಬದಲ್ಲಿ ಅವರ ಚೀಲ ನೋಡಿದ್ರೆ ನಿಮಗೂ ಇರಲ್ಲ. ಆದ್ರೆ ಸಾಮಾನ್ಯವಾಗಿ ಮೂರು ಸಲ ಹೀಗೆ ಬಿದ್ರೆ ಪಾರ್ಸೆಲ್ ವಾಪಸ್ ಶಿರಸಿಗೆ ತಿರುಗುತ್ತೆ, ಒಮ್ಮೆ ತಿರುಗಿದ್ರೆ ನಡುವೆ ನಿಲ್ಸೋದು ಬಹಳ ಕಷ್ಟ. ಹಾಗಾಗಿ ಮೊದಲನೇ ಮೆಸೇಜ್ ಬಂದ ದಿನಾನೇ ಅದರ ಸ್ಕ್ರೀನ್‌ಶಾಟ್ ನಮಗೆ ಕಳ್ಸಿ, ಮತ್ತೆ ಡೆಲಿವರಿ ಮಾಡಿ ಅಂತ ಕೇಳೋ ಆಪ್ಷನ್ ನಮ್ಮ ಕಡೆ ಇದೆ.

ಬದಲಾಯಿಸಿದ್ದು ಸ್ವಲ್ಪ. ಕಾಂಬೋಗೆ 25×18×18ರ ಡಬ್ಬ ಮಾಡಿಸಿದ್ದೀವಿ, ನಡುವೆ ರಟ್ಟಿನ ಗೋಡೆ, 8100 ಭಾಗಿಸು 5000 ಅಂದ್ರೆ 1.62, ಈಗ ತಕ್ಕಡಿ ತೂಕಾನೇ ಜಾಸ್ತಿ ಬರೋದ್ರಿಂದ ಜಗಳ ಇಲ್ಲ. "ಶಿಪ್ಡ್" ಮೆಸೇಜ್ ಇನ್ಮೇಲೆ ಗಾಡಿ ಹತ್ತಿದ್ಮೇಲೇ ಬರುತ್ತೆ. ರಾತ್ರಿ ತಲೆಕೆಳಗಿಡೋಕೆ ಎಷ್ಟು ಬಾಟಲಿಗೆ ಜಾಗ ಇದ್ಯೋ ದಿನಕ್ಕೆ ಅಷ್ಟೇ ಆರ್ಡರ್, ಆಮೇಲೆ ವೆಬ್‌ಸೈಟು ತಾನಾಗೇ ಬಂದ್ ಆಗುತ್ತೆ. ದೂರು ಹೇಳೋರಿಗೆ 2020ರ ಇ-ಕಾಮರ್ಸ್ ನಿಯಮದಲ್ಲಿ 48 ಗಂಟೆ ಒಳಗೆ ದೂರು ಬಂದಿದೆ ಅಂತ ಉತ್ತರ, ಒಂದು ತಿಂಗಳೊಳಗೆ ಪರಿಹಾರ ಅಂತಿದೆ, ಸೇಲಲ್ಲಿ ಕೆಲವರಿಗೆ ನಮ್ಮ ಉತ್ತರ ಅದಕ್ಕಿಂತ ತಡ ಆಗಿದೆ, ಈಗ ವಾಟ್ಸಾಪ್ ನೋಡೋಕೇ ಒಬ್ಬರಿದ್ದಾರೆ.

ಕೊನೇದಾಗಿ, ತುಂಬಾ ಜನ ಕೇಳ್ತಿರೋದು, ಇಷ್ಟು ದಿನ ಗಾಡೀಲಿದ್ದ ಮಿಡಿ ತಿನ್ಬಹುದಾ ಅಂತ. ಅಪ್ಪೆಮಿಡಿ ಉಪ್ಪಲ್ಲೇ ಇರೋದು, ದಾರಿ ತಡ ಆಗಿದ್ದಕ್ಕೆ ಮಾತ್ರ ಹಾಳಾಗಲ್ಲ. ಮುಚ್ಚಳ ತೆಗೆದಾಗ ಸಣ್ಣಗೆ ಬುಸ್ ಅಂದ್ರೆ ಹೆದರ್ಬೇಡಿ, ಬಿಸಿಲಿಗೆ ಸ್ವಲ್ಪ ಹುದುಗು ಬಂದಿರುತ್ತೆ. ರಸ ಕಡಿಮೆ ಆಗಿ ಮಿಡಿ ಮೇಲೆ ಕಾಣ್ತಿದ್ರೆ ಉಪ್ಪುನೀರು ಕಾಯ್ಸಿ, ಪೂರ್ತಿ ಆರಿಸಿ, ಮಿಡಿ ಮುಳುಗೋವಷ್ಟು ಹಾಕಿ. ಆದ್ರೆ ಹಸಿರು ಅಥವಾ ಕಪ್ಪು ಬೂಸಲು ಹತ್ತಿದ್ರೆ, ಮಿಡಿ ಹಿಚುಕಿದ ಕೂಡ್ಲೇ ಕೊಳೆತ ಹಾಗೆ ಮೆತ್ತಗಾದ್ರೆ, ಅಪ್ಪೆ ಪರಿಮಳದ ಬದಲು ಕೆಟ್ಟ ವಾಸನೆ ಬಂದ್ರೆ ತಿನ್ಬೇಡಿ, ಮೇಲಿಂದ ತೆಗೆದು ಉಳಿದಿದ್ದು ಇಟ್ಕೊಳ್ಳೋದೂ ಬೇಡ. ಒಂದು ಫೋಟೋ ತೆಗೆದು ಆರ್ಡರ್ ನಂಬರ್ ಜೊತೆ ಕಳ್ಸಿ, ಬಾಟಲಿ ವಾಪಸ್ ಕಳ್ಸೋದೇನೂ ಬೇಡ, ಬೇರೆ ಬಾಟಲಿಯೋ ದುಡ್ಡೋ ಯಾವ್ದು ಬೇಕು ಅಂತ ಮಾತ್ರ ಹೇಳಿ.