ಮಗಳಿಗೊಂದು ಪತ್ರ: ಎಮರ್ಜೆನ್ಸಿ ಬಿಲ್ಲು, ಡಾಕ್ಟರ್ ಬರೆದ ಒಂದು ಸಾಲು

ವಿಜಯಪುರ

ಚಿ. ಕಾವ್ಯಾಗೆ ಅಪ್ಪನ ಆಶೀರ್ವಾದ.

ಕಿಡ್ನಿ ಹರಳಿನ ನೋವು ಕಡಿಮಿ ಆಗೇದ ಅಂತ ಕೇಳಿ ನಿಮ್ಮವ್ವ ನಿನ್ನೆ ನೆಟ್ಟಗ ಊಟ ಮಾಡಿದಳು. ಈಗ ಅಮೇರಿಕಾದಾಗ ನೀ ಎಮರ್ಜೆನ್ಸಿಗೆ ಹೋದ ರಾತ್ರಿಯ ಬಿಲ್ಲಿನ ಮಾತು. ಫೋನಿನಾಗ ಹೇಳಿದ್ರ ಅರ್ಧಾ ಕೇಳಿ ಅರ್ಧಾ ಬಿಡ್ತಿ, ಅದಕ್ಕ ಬರೀಲಿಕ್ಕತ್ತೀನಿ. ನಾನೂ ದಿನಾ ಆಸ್ಪತ್ರಿ ಇನ್ಶೂರೆನ್ಸ್ ಕೌಂಟರಿನಾಗ ಕೂಡಾಂವ. ಅಮೇರಿಕಾದ ಬಿಲ್ಲಿನ ರೀತಿ ಬ್ಯಾರೆ ಇದ್ರೂ, ಕ್ಲೇಮ್ ಸಿಕ್ಕೊಳ್ಳೋ ಜಾಗಾ ಒಂದೇ.

ಒಂದೇ ರಾತ್ರಿಗೆ ಮೂರು ಬಿಲ್ ಬಂದಾವ, ತಪ್ಪಿ ಕಳಿಸಿರಬೇಕು ಅಂದಿ. ತಪ್ಪಿಲ್ಲ. ಅಲ್ಲಿ ಎಮರ್ಜೆನ್ಸಿಯ ಕೋಣಿ, ನರ್ಸು, ಸಿಟಿ ಮಷೀನಿನ ಖರ್ಚು ಆಸ್ಪತ್ರಿ ಹಾಕ್ತದ. ನಿನ್ನ ನೋಡಿದ ಡಾಕ್ಟರು ಬ್ಯಾರೆ ಕಂಪನಿಯವರಿದ್ರ ಅವರ ಬಿಲ್ ಬ್ಯಾರೆ. ಸ್ಕ್ಯಾನ್ ಓದಿದ ರೇಡಿಯಾಲಜಿಸ್ಟ್‌ದು ಇನ್ನೊಂದು. ನಿನ್ನವು 4,860, 1,240, 210. ಎಲ್ಲಾ ಕೂಡಿ 6,310 ಡಾಲರ್. ಈ ಮೂರನ್ನೂ ಒಂದೇ ಕ್ಲೇಮ್ ನಂಬರಿಗೆ ಸೇರಿಸು. ನೀ ಇಲ್ಲಿಂದ ತಗೊಂಡು ಹೋದ ವಿಮಾ ಪಾಲಿಸಿಯೊಳಗ ಡಿಡಕ್ಟಿಬಲ್, ಅಂದ್ರ ನೀ ಕೈಯಿಂದ ಕಟ್ಟೋ ಪಾಲು, 100 ಡಾಲರ್, ಒಂದು ಕಾಯಿಲೆಗೆ ಒಮ್ಮೆ ಮಾತ್ರ. ಬ್ಯಾರೆ ಬ್ಯಾರೆ ಕ್ಲೇಮ್ ಮಾಡಿದ್ರ ಮೂರು ಸಲ ಕತ್ತರಿಸಿದ್ರೂ ಆಶ್ಚರ್ಯ ಇಲ್ಲ.

ಲೆಕ್ಕ ಹಿಂಗ ಆಗ್ತದ: 6,310ರಾಗ 100 ಹೋದ್ರ ವಿಮಾ ಕಂಪನಿ ಕೊಡಬೇಕಾದ್ದು 6,210. ನೀ ಆವತ್ತು ಕೌಂಟರಿನಾಗ 150 ಕಟ್ಟಿದ್ದಿ. ಅದರಾಗ 100 ನಿನ್ನ ಪಾಲು, ಉಳಿದ 50 ನಿನಗ ವಾಪಸ್ ಬರಬೇಕು, 6,160 ಬಿಲ್ ಕಳಿಸಿದವರಿಗೆ ನೇರ ಹೋಗಬೇಕು. ಆ ರಸೀದಿ ಜೋಪಾನ. ಪೂರ್ತಿ ಮೊತ್ತ ಮಾತ್ರ ಕಾರ್ಡಿನಾಗ ಕಟ್ಟಬ್ಯಾಡ. ಮೂರೂ ಬಿಲ್ಲಿಂಗ್ ಆಫೀಸಿಗೆ ಫೋನ್ ಮಾಡಿ, ಕ್ಲೇಮ್ ನಡದದ, ನನ್ನ ಖಾತೆ ಹೋಲ್ಡ್ ಮಾಡ್ರಿ, ವಸೂಲಿ ಏಜೆನ್ಸಿಗೆ ಕಳಿಸಬ್ಯಾಡ್ರಿ ಅಂತ ಕೇಳು. ಸುಮ್ಮನೆ ಕೂತ್ರ ಅವರು ಕಳಿಸೇ ಕಳಿಸ್ತಾರ. ಹಂಗs ಬರೇ ಒಟ್ಟು ಮೊತ್ತ ಇರೋ ಚೀಟಿ ನಡಿಯೂದಿಲ್ಲ, ಒಂದೊಂದು ಖರ್ಚೂ ಬಿಡಿಸಿ ಬರೆದ ಐಟಮೈಸ್ಡ್ ಬಿಲ್ ಬೇಕು ಅಂತ ಹೇಳು.

ಇಷ್ಟೆಲ್ಲಾ ಕಾಗದಕ್ಕಿಂತ ನನಗ ಚಿಂತಿ ಇರೋದು ಬ್ಯಾರೆ. ಆಸ್ಪತ್ರಿಯ ಪೋರ್ಟಲಿನಾಗ ಎಮರ್ಜೆನ್ಸಿ ಡಾಕ್ಟರ್ ಬರೆದ ನೋಟ್ ಇರ್ತದ. ನೀ ಕಳಿಸಿದ ಫೋಟೋದಾಗ ಹಿಂದಿನ ಕಾಯಿಲೆ ಅನ್ನೋ ಕಡೆ "ಕಿಡ್ನಿ ಸ್ಟೋನ್" ಅಂತ ಅದ. ಹಿಂದ ಹರಳು ಆಗಿದ್ದು ನಿನಗಲ್ಲ, ನಿಮ್ಮಜ್ಜಿಗೆ. ಆ ನೋವಿನಾಗ ನೀ ಹೇಳಿದ್ದನ್ನ ಅವರು ಮನೆತನದ ಕಾಲಂ ಬಿಟ್ಟು ನಿನ್ನ ಕಾಲಂನಾಗ ಬರದಾರ. ನಮಗ ಇದು ಸಣ್ಣ ಮಾತು. ಕ್ಲೇಮ್ ನೋಡೋ ಮನಷ್ಯಾ ಮೊದಲು ಹುಡುಕೋದೇ ಇದನ್ನ. ಪಾಲಿಸಿ ತಗೊಳ್ಳೋಕಿಂತ ಮುಂಚೆನೇ ಕಾಯಿಲೆ ಇತ್ತು, ನೀವು ಮುಚ್ಚಿಟ್ರಿ ಅಂತ ಒಂದು ಕಾಗದ ಬರ್ತದ, ಕ್ಲೇಮ್ ಅಲ್ಲೇ ನಿಲ್ತದ.

ಅದನ್ನ ಈಗಲೇ ತಿದ್ದಿಸು. ಅಲ್ಲಿ ರೋಗಿಗಳ ದಾಖಲೆ ಕಾಯೋ ಹಿಪಾ ಅನ್ನೋ ಕಾಯ್ದೆ ಪ್ರಕಾರ ನಿನ್ನ ದಾಖಲೆಯೊಳಗಿನ ತಪ್ಪು ತಿದ್ದಲಿಕ್ಕೆ ಕೇಳೋ ಹಕ್ಕು ನಿನಗದ. ಆಸ್ಪತ್ರಿ 60 ದಿನದೊಳಗ ಉತ್ತರ ಕೊಡಬೇಕು, ಕಾರಣ ಬರೆದು ಕೊಟ್ಟು ಇನ್ನೊಂದು 30 ದಿನ ತಗೋಬಹುದು. ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕ ಬರಿ: "ಈ ಸಾಲು ನನ್ನ ಅಜ್ಜಿಯ ವಿಷಯ, ನನಗೆ ಹಿಂದೆ ಹರಳಾಗಿಲ್ಲ." ಡಾಕ್ಟರ್ ಒಪ್ಪಲಿಲ್ಲಂದ್ರೂ ನಿನ್ನ ಆಕ್ಷೇಪಣೆ ಬರೆದು ದಾಖಲೆಗೆ ಸೇರಿಸಲಿಕ್ಕೆ ಕೇಳಬಹುದು, ಅದರ ಪ್ರತಿ ಕಂಪನಿಗೆ ಕಳಿಸು. ಇದಕ್ಕಿಂತ ಹೆಚ್ಚು ಒಂದಕ್ಷರಾನೂ ಕೇಳಬ್ಯಾಡ. ನೋವು ಯಾವಾಗ ಶುರು ಆತು ಅನ್ನೋದನ್ನ ಹೆಂಗದ ಹಂಗೇ ಬಿಡು. ಖರೇನೇ ಹಿಂದ ಹರಳು ಆಗಿದ್ರ ನಾನು ಈ ಕಾಗದಾನೇ ಬರೀತಿರಲಿಲ್ಲ.

ತಿದ್ದುಪಡಿ ಬರೋತನಕ ಕ್ಲೇಮ್ ತಡಾ ಮಾಡಬ್ಯಾಡ. ಫಾರ್ಮು, ಪಾಸ್‌ಪೋರ್ಟಿನಾಗ ಅಮೇರಿಕಾಕ್ಕ ಹೋದ ಮುದ್ರಿ ಇರೋ ಪುಟ, ಬಿಲ್ಲು, ನೋಟ್ ಎಲ್ಲಾ ಹಾಕಿ, ತಿದ್ದಲಿಕ್ಕೆ ಕೊಟ್ಟ ಅರ್ಜಿಯ ಪ್ರತಿಯನ್ನೂ ಜೋಡಿಸಿ ಕಳಿಸು. ಫೋನಿನಾಗ ಏನು ಮಾತಾಡಿದ್ರೂ ಆಮ್ಯಾಲೆ ಒಂದು ಇಮೇಲ್ ಹಾಕು. ಫೋನಿನ ಮಾತಿಗೆ ಸಾಕ್ಷಿ ಇರೂದಿಲ್ಲ.

ಅಷ್ಟಾಗಿಯೂ ಆಗೂದಿಲ್ಲ ಅಂದ್ರ, ಪಾಲಿಸಿಯ ಯಾವ ನಿಯಮದ ಪ್ರಕಾರ ಅಂತ ಬರಹದಾಗ ಕೇಳೋಣ. ಮೊದಲು ಕಂಪನಿಯ ದೂರು ಅಧಿಕಾರಿಗೆ. ಅವರು ತಿರಸ್ಕರಿಸಿದ್ರ, ಇಲ್ಲಾ ಒಂದು ತಿಂಗಳು ಉತ್ತರನೇ ಕೊಡಲಿಲ್ಲಂದ್ರ, ವಿಮಾ ಕಂಪನಿಗಳ ಮ್ಯಾಲಿನ ದೂರು ವಿಚಾರಿಸೋ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ನರಿಗೆ. ಅಲ್ಲಿ ಫೀ ಇಲ್ಲ, ವಕೀಲರೂ ಬ್ಯಾಡ. ಒಂದು ವರ್ಷದೊಳಗ ಹೋಗಬೇಕು ಅಷ್ಟೇ.

ನಿನ್ನ ಸಣ್ಣಕಿದ್ದಾಗಿಂದ ನೋಡಿದ ಗಾಂಧಿ ಚೌಕದ ಡಾಕ್ಟರ ಹತ್ರ ನಾಳೆ ಸಂಜಿ ಹೋಗ್ತೀನಿ. ಹರಳಿಗೆ ನಿನಗ ಎಂದೂ ಔಷಧ ಕೊಟ್ಟಿಲ್ಲ ಅಂತ ಲೆಟರ್‌ಹೆಡ್ಡಿನ ಮ್ಯಾಲೆ ಬರಸ್ಕೊಂಡು ಸ್ಕ್ಯಾನ್ ಮಾಡಿ ಕಳಿಸ್ತೀನಿ. ನೀ ಪೋರ್ಟಲಿನ ಆ ನೋಟ್ ಪೂರ್ತಿ ಡೌನ್‌ಲೋಡ್ ಮಾಡಿ ಕಳಿಸು, ಫೋಟೋದಾಗ ಕೆಳಗಿನ ಅರ್ಧ ಕಾಣಸೂದಿಲ್ಲ.

ನೀರು ಭಾಳ ಕುಡಿ.

ನಿಮ್ಮ ಅಪ್ಪ