ಕ್ಯಾಮೆರಾ ಕಡೆಗೊಂದು ನೋಟ

ಸುಂಟಿಕೊಪ್ಪ

ಪ್ರೀತಿಯ ಪ್ರದೀಪ,

ಹೋದ ಸಲ ನೀನು ಬಂದಾಗ ‘ದಿ ಆಫೀಸ್’ ಅನ್ನುವ ಹಾಸ್ಯ ಧಾರಾವಾಹಿ ಹಾಕಿದರೆ ಹತ್ತೇ ನಿಮಿಷಕ್ಕೆ ನೀನು ಎದ್ದುಹೋದೆ. "ಎಲ್ಲಿ ನಗಬೇಕು ಅಂತಾನೇ ಗೊತ್ತಾಗಲ್ಲ ಮಾರಾಯ, ಹಿಂದೆ ನಗುವ ಸದ್ದೂ ಇಲ್ಲ" ಅಂದೆ. ಇಲ್ಲಿ ಎರಡು ದಿನದಿಂದ ಜಡಿಮಳೆ, ಕರೆಂಟಿಲ್ಲ. ಸುಮ್ನೆ ಕೂತಿರುವ ಬದಲು ನಿನಗೆ ಉತ್ತರ ಬರೆಯೋಣ ಅನ್ನಿಸಿತು.

ಈ ಧಾರಾವಾಹಿ ಬ್ರಿಟನ್ನಿನಲ್ಲಿ 2001ರಲ್ಲಿ ಶುರುವಾಯಿತು. ನಾವು ನೋಡಿದ್ದು 2005ರಲ್ಲಿ ಅಮೆರಿಕದವರು ಮಾಡಿಕೊಂಡದ್ದು. ಕಾಗದ ಮಾರುವ ಒಂದು ಕಂಪನಿಗೆ ಸಾಕ್ಷ್ಯಚಿತ್ರ ತೆಗೆಯುವವರು ಬಂದಿದ್ದಾರೆ ಅನ್ನುವುದು ಕಥೆ. ಸಾಕ್ಷ್ಯಚಿತ್ರ ಸುಳ್ಳು. ಆದರೆ ಕ್ಯಾಮೆರಾ ಇದೆ ಅನ್ನುವುದು ಅಲ್ಲಿನ ಎಲ್ಲ ಪಾತ್ರಗಳಿಗೂ ಗೊತ್ತು. ಅದನ್ನು ಮರೆತರೆ ನಗುವೇ ಇಲ್ಲ.

ಮಧ್ಯೆ ಮಧ್ಯೆ ಒಬ್ಬೊಬ್ಬರೇ ಕೂತು ಮಾತಾಡುತ್ತಾರಲ್ಲ, ಆ ಸಂದರ್ಶನ ನೋಡು. ಪ್ರಶ್ನೆ ಕೇಳಿದವನ ದನಿ ಸಾಮಾನ್ಯವಾಗಿ ನಮಗೆ ಕೇಳಿಸುವುದಿಲ್ಲ. ಮಾತಾಡುವವನ ಕಣ್ಣು ಲೆನ್ಸಿನ ಪಕ್ಕದಲ್ಲಿ ಕೂತವನ ಮೇಲಿರುತ್ತದೆ. ತನ್ನನ್ನು ನೋಡುತ್ತಿದ್ದಾರೆ ಅಂತ ಗೊತ್ತಿರುವುದರಿಂದ ಅವನು ತಾನು ಹೇಗೆ ಕಾಣಬೇಕೋ ಹಾಗೆ ಮಾತಾಡುತ್ತಾನೆ. ಮ್ಯಾನೇಜರ್ ಮೈಕಲ್ ಒಂದು ಕಂತಿನಲ್ಲಿ ಕಾಲು ಸುಟ್ಟುಕೊಳ್ಳುತ್ತಾನೆ. ಅವನಿಗೆ ಬೇಕನ್ ಹುರಿಯುವ ವಾಸನೆಗೆ ಏಳುವ ಆಸೆ. ಹಾಗಾಗಿ ರಾತ್ರಿ ಮಲಗುವ ಮುಂಚೆ ಹಾಸಿಗೆ ಪಕ್ಕದಲ್ಲೇ ಇಟ್ಟ, ಮುಚ್ಚಳವಿರುವ ಕರೆಂಟ್ ಗ್ರಿಲ್ಲಿನ ಮೇಲೆ ಆರು ತುಂಡು ಹರವಿಡುತ್ತಾನೆ. ಬೆಳಿಗ್ಗೆ ಎದ್ದು ಸ್ವಿಚ್ ಹಾಕಿ ಮತ್ತೆ ಮಲಗುತ್ತಾನೆ. ಅವತ್ತು ಹಾಸಿಗೆಯಿಂದ ಇಳಿದು ಗ್ರಿಲ್ಲಿಗೇ ಕಾಲಿಟ್ಟ, ಅದು ಕಾಲು ಕಚ್ಚಿಕೊಂಡಿತು. (ಹಂದಿ ಮಾಂಸಕ್ಕೆ ಕಾಚಂಪುಳಿಯ ಹುಳಿ ಬೀಳದೆ ಸಮಾಧಾನವಾಗದ ನಮಗೆ ಈ ಆಸೆಯೇ ವಿಚಿತ್ರ, ಬಿಡು.) ಆ ಅನಾಹುತವನ್ನು ನಮಗೆ ತೋರಿಸುವುದೇ ಇಲ್ಲ. ಅವನು ಇದೆಲ್ಲ ಲೋಕರೂಢಿ ಅನ್ನುವ ಹಾಗೆ ಒಂದೊಂದೇ ಹೆಜ್ಜೆ ಬಿಡಿಸಿ ಹೇಳುತ್ತಾನೆ. ಅಷ್ಟು ಗಂಭೀರವಾಗಿ ಹೇಳುವುದಕ್ಕೇ ನಗು.

ಕ್ಯಾಮೆರಾ ಕಡೆಗಿನ ನೋಟದ ಕೆಲಸ ಇದಕ್ಕೆ ಉಲ್ಟಾ. ಅದು ಬಾಯಿಗೆ ಬರದಿದ್ದ ಮಾತು. ಮೈಕಲ್ ಏನೋ ಅಸಹ್ಯದ ಜೋಕು ಹೇಳುತ್ತಾನೆ, ಕೋಣೆಯಲ್ಲಿ ಯಾರೂ ನಗುವುದಿಲ್ಲ. ಅದೇ ಆಫೀಸಿನ ಸೇಲ್ಸ್‌ಮನ್ ಜಿಮ್ ತಲೆ ತಿರುಗಿಸಿ ನೇರ ಲೆನ್ಸಿಗೇ ಒಮ್ಮೆ ನೋಡುತ್ತಾನೆ. ಅಷ್ಟೇ. ಪಕ್ಕದವರ ಜೊತೆ ಹಂಚಿಕೊಳ್ಳಲಾಗದ್ದನ್ನು ನಮ್ಮ ಜೊತೆ ಹಂಚಿಕೊಂಡ. ಹಿಂದಿನ ನಗುವಿನ ಸದ್ದು ಮಾಡಬೇಕಾದ ಕೆಲಸವನ್ನು ಆ ನೋಟವೇ ಮಾಡಿತು, ಅಲ್ವಾ? ಮೈಕಲ್ ಕೂಡ ಕ್ಯಾಮೆರಾ ನೋಡುತ್ತಾನೆ. ಆದರೆ ಅವನು ನೋಡುವುದು ‘ಹೇಗಿತ್ತು ನಂದು?’ ಅಂತ. ಜಿಮ್ ನೋಡುವುದು ‘ನೋಡಿದ್ರಾ ಇದನ್ನ?’ ಅಂತ. ಇಬ್ಬರ ನೋಟವೂ ಒಂದೇ ಥರ ಇದ್ದರೆ ಎರಡೂ ಸಪ್ಪೆ.

ಇದನ್ನು ನಾನು ಕಲಿತದ್ದು ಕಾಫಿ ಒಣಗಿಸುವ ನಮ್ಮ ಕಣದಲ್ಲಿ. ಜನವರಿಯಲ್ಲಿ ಮನೆಯವರಿಗೆ ತೋರಿಸೋಕೆ ಅಂತ ಇದೇ ಥರ ಮೂರು ನಿಮಿಷದ ವಿಡಿಯೋ ಮಾಡಿದೆ. ಬೆಳಿಗ್ಗೆ ಚಿಕ್ಕಪ್ಪನನ್ನು ಜಗಲಿಯಲ್ಲಿ ಕೂರಿಸಿ ಕೇಳಿದೆ. ಮೋಡ ನೋಡಿ, "ಮೂವತ್ತು ವರ್ಷದಿಂದ ನೋಡ್ತಿದ್ದೀನಿ, ಇದು ಮಳೆ ತರೋ ಮೋಡ ಅಲ್ಲ. ಕಾಫಿ ಹರಡಿ" ಅಂದರು. ಮಧ್ಯಾಹ್ನ ಸುರಿಯಿತು ನೋಡು! ಎಲ್ಲರೂ ಟಾರ್ಪಾಲ್ ಹಿಡಿದು ಓಡಿದೆವು. ಒಂದು ಮೂಲೆ ಹಿಡಿದು ನೆನೆಯುತ್ತಿದ್ದ, ತೋಟದ ಲೆಕ್ಕ ಬರೆಯುವ ರೈಟರ್ ನನ್ನ ಮೊಬೈಲ್ ಕಡೆ ತಿರುಗಿ ನೋಡಿದರು.

ಇಷ್ಟು ಒಳ್ಳೆ ಸರಕಿದ್ದೂ ಮೊದಲ ಸಲ ಜೋಡಿಸಿದಾಗ ಯಾರೂ ನಗಲಿಲ್ಲ. ಎರಡು ತಪ್ಪು ಮಾಡಿದ್ದೆ. ಚಿಕ್ಕಪ್ಪನ ಮಾತಿಗೂ ಟಾರ್ಪಾಲಿಗೂ ಮಧ್ಯೆ ಮೋಡ ಕಪ್ಪಾಗುವುದನ್ನು ಚೆಂದಕ್ಕೆ ಸೇರಿಸಿದ್ದೆ. ನೋಡುವವರಿಗೆ ಮುಂದೇನಂತ ಮೊದಲೇ ಗೊತ್ತಾಗಿಬಿಟ್ಟಿತು. ಆಮೇಲೆ ರೈಟರ್ ನೋಟವನ್ನು ನಾಲ್ಕು ಸೆಕೆಂಡ್ ಬಿಟ್ಟಿದ್ದೆ. ಕೊನೆಯ ಎರಡು ಸೆಕೆಂಡಿನಲ್ಲಿ ಅವರೇ ನಕ್ಕುಬಿಟ್ಟಿದ್ದರು. ತೆರೆಯ ಮೇಲಿನವರು ನಕ್ಕರೆ ನಮಗೆ ನಗಲು ಉಳಿಯುವುದೇನು?

ಮೋಡ ತೆಗೆದೆ. ‘ಕಾಫಿ ಹರಡಿ’ ಅಂದ ತಕ್ಷಣ ಟಾರ್ಪಾಲ್ ಬರುವ ಹಾಗೆ ಮಾಡಿದೆ. ರೈಟರ್ ನೋಟ ತುಟಿ ಅಲುಗುವ ಮುಂಚೆಯೇ ಕತ್ತರಿಸಿದೆ, ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಇರಬಹುದು. ಇಡೀ ವಿಡಿಯೋದಲ್ಲಿ ಅಂಥ ನೋಟ ಅದೊಂದೇ ಉಳಿಸಿದೆ. ಮಿಕ್ಕವರೂ ನೋಡಿದ್ದರು, ತೆಗೆದುಹಾಕಿದೆ. ಎಲ್ಲರೂ ನೋಡತೊಡಗಿದರೆ ಅದು ಗ್ರೂಪ್ ಫೋಟೋ ಆಗುತ್ತದೆ.

ಈ ಸಲ ಹಾಕಿದಾಗ ಚಿಕ್ಕಮ್ಮನ ಕಣ್ಣಲ್ಲಿ ನೀರು ಬರುವಷ್ಟು ನಗು. ಚಿಕ್ಕಪ್ಪ ಮಾತ್ರ ನಗಲಿಲ್ಲ. "ಅವತ್ತು ಮಳೆ ಬರುತ್ತೆ ಅಂತ ನಾನು ಮೊದಲೇ ಹೇಳಿದ್ದೆ" ಅಂದರು. ಚಿಕ್ಕಮ್ಮ ನಗು ನಿಲ್ಲಿಸಿ, ತಲೆ ತಿರುಗಿಸಿ, ಸುಮ್ಮನೆ ನನ್ನ ಕಡೆ ನೋಡಿದರು.

ಕರೆಂಟ್ ಬಂದಮೇಲೆ ವಿಡಿಯೋ ಕಳಿಸುತ್ತೇನೆ.

ನಿನ್ನ,
ಸುರೇಶ