ಗೇಟಿನ ಬಳಿ ಸಿಕ್ಕ ಆ ಅಣ್ಣನಿಗೆ

ಕೆಲಸ ಹುಡುಕಿಕೊಂಡು ಹೊಸ ನಗರಕ್ಕೆ ಬಂದ ಮೊದಲ ದಿನ ನನಗೆ ಅಲ್ಲಿನ ಭಾಷೆಯಲ್ಲಿ ನಮಸ್ಕಾರ ಹೇಳುವುದನ್ನು ಕಲಿಸಿದ ಗಾರೆ ಕೆಲಸದ ಅಣ್ಣನಿಗೆ ಈ ಬರಹ. ಅವರ ಹೆಸರು ನನಗೆ ಗೊತ್ತಿಲ್ಲ.

ಕಟ್ಟಡದ ಗೇಟಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಏನೋ ಹೇಳಿ ಒಳಗೆ ಹೋಗುತ್ತಿದ್ದರು. ಆ ಭಾಷೆಯ ಒಂದಕ್ಷರವೂ ಬಾರದ ನಾನು ತಲೆ ತಗ್ಗಿಸಿ ಪಕ್ಕಕ್ಕೆ ನಿಂತಿದ್ದೆ. ಅಣ್ಣ ಬಾಂಡಲಿ ಕೆಳಗಿಟ್ಟು ಬಂದರು. ತಮ್ಮ ಬಾಯಿ ನೋಡು ಎಂದು ಸನ್ನೆ ಮಾಡಿದರು.

ಇಡೀ ಮಾತನ್ನು ಒಟ್ಟಿಗೆ ಹೇಳಿಸಲಿಲ್ಲ. ಮೊದಲು ಕೊನೆಯ ತುಣುಕು, ಆಮೇಲೆ ಅದರ ಹಿಂದಿನದು, ಹೀಗೆ ಹಿಂದಿನಿಂದ ಜೋಡಿಸಿಕೊಂಡು ಬಂದರು. ಕೊನೆಯ ಭಾಗ ಮೊದಲೇ ಬಾಯಿಗೆ ಹತ್ತಿದ್ದರಿಂದ, ಪೂರ್ತಿ ಹೇಳುವಾಗ ನಾಲಿಗೆ ನಡುವೆ ನಿಲ್ಲಲಿಲ್ಲ. ಒತ್ತಿ ಹೇಳಬೇಕಾದ ಕಡೆ ನನ್ನ ಭುಜವನ್ನು ಮೆಲ್ಲಗೆ ತಟ್ಟುತ್ತಿದ್ದರು. ನನ್ನ ಉಚ್ಚಾರ ಕೇಳಿ ಒಮ್ಮೆಯೂ ನಗಲಿಲ್ಲ. ಹಾಗೆ ನಕ್ಕಿದ್ದರೆ ನಾನು ಮತ್ತೆ ಬಾಯಿ ತೆರೆಯುತ್ತಿರಲಿಲ್ಲ.

ಇನ್ನೊಂದನ್ನೂ ತೋರಿಸಿಕೊಟ್ಟರು. ನಾನು ಗಡಿಬಿಡಿಯಲ್ಲಿ ಹೇಳಿ ಮುಂದೆ ಹೋಗಲು ನೋಡಿದಾಗ ತೋಳು ಹಿಡಿದು ನಿಲ್ಲಿಸಿದರು: ಹೇಳಿದ ಮೇಲೆ ಮುಖ ನೋಡಬೇಕು, ಉತ್ತರ ಬರುವವರೆಗೆ ಕಾಯಬೇಕು. ಹಿರಿಯರು ಎದುರಾದರೆ ನಾನೇ ಮೊದಲು ಹೇಳಬೇಕು.

ಆಮೇಲೆ ಮೇಸ್ತ್ರಿಯ ಮುಂದೆ ನಿಲ್ಲಿಸಿ, ತಾವು ಒಂದು ಹೆಜ್ಜೆ ಹಿಂದೆ ಸರಿದರು. ನಾನು ಹೇಳಿದೆ. ಮೇಸ್ತ್ರಿ ಪುಸ್ತಕದಿಂದ ತಲೆಯೆತ್ತಿ ಅದೇ ಮಾತನ್ನು ನನಗೂ ಹೇಳಿ, ಹೆಸರು ಕೇಳಿ ಹಾಜರಿ ಬರೆದುಕೊಂಡರು. ಬೆಳಗಿನಿಂದ ಎದೆಯಲ್ಲಿದ್ದ ಭಾರ ಆಗ ಇಳಿಯಿತು.

ಅಣ್ಣಾ, ನೀವು ಎಲ್ಲೇ ಇರಿ, ನಿಮಗೆ ಧನ್ಯವಾದ.